ಕೈ ಎತ್ತಿದರೆ ಭುಜ ನೋವೇ? ಎಲ್ಲವೂ ‘ಫ್ರೋಜನ್ ಶೋಲ್ಡರ್’ ಅಲ್ಲ

ನನ್ನ ಅಕ್ಕ ವಿಜಯವಾಡದಲ್ಲಿದ್ದಾಳೆ, ಅಣ್ಣ ವಿಶಾಖಪಟ್ಟಣದಲ್ಲಿ. ಕಳೆದ ವರ್ಷ ಇಬ್ಬರಿಗೂ ಬಲ ಭುಜದ ನೋವು ಶುರುವಾಯಿತು. ಇಬ್ಬರೂ ಹೇಳಿದ್ದು ಒಂದೇ ಮಾತು: “ಕೈ ಪಕ್ಕಕ್ಕೆ ಎತ್ತಿದರೆ ಜೀವ ಹೋಗುತ್ತೆ.” ಅಕ್ಕನಿಗೆ ವೈದ್ಯರು ಫ್ರೋಜನ್ ಶೋಲ್ಡರ್ ಎಂದರು. ಫಿಸಿಯೋಥೆರಪಿಯಲ್ಲಿ ಕಲಿತ ವ್ಯಾಯಾಮದ ವಿಡಿಯೋ ಮಾಡಿ ಅವಳು ಅಣ್ಣನಿಗೂ ಕಳುಹಿಸಿದಳು. ಅವನು ಮೂರು ವಾರ ಕೈಯನ್ನು ಎಳೆದೆಳೆದು ನೋವು ಹೆಚ್ಚಿಸಿಕೊಂಡು, ರಾತ್ರಿ ನಿದ್ದೆಯನ್ನೂ ಕಳೆದುಕೊಂಡ. ಅವನದು ಫ್ರೋಜನ್ ಶೋಲ್ಡರ್ ಆಗಿರಲೇ ಇಲ್ಲ!

ಭುಜದ ಕೀಲನ್ನು ಸುತ್ತುವರಿದ ನಾಲ್ಕು ಸ್ನಾಯುಗಳ ರಜ್ಜುಗಳಿಗೆ ರೊಟೇಟರ್ ಕಫ್ ಎನ್ನುತ್ತಾರೆ. ಹಬ್ಬಕ್ಕೆ ಗೋಡೆಗೆ ಬಣ್ಣ ಹೊಡೆದ ಮೇಲೆ ಅಣ್ಣನಿಗೆ ನೊಂದದ್ದು ಇದೇ ರಜ್ಜು. ಕೈ ಅರ್ಧ ಎತ್ತುವಾಗ ನೋವು, ಪೂರ್ತಿ ಮೇಲೆ ಹೋದರೆ ಕಡಿಮೆ. ಅಕ್ಕನದು ಬೇರೆ. ಕೀಲಿನ ಚೀಲವೇ ದಪ್ಪವಾಗಿ ಬಿಗಿದುಕೊಂಡಿತ್ತು. ಅವಳಿಗೆ ಸಕ್ಕರೆ ಕಾಯಿಲೆಯೂ ಇದೆ, ಅಂಥವರಲ್ಲಿ ಇದು ಹೆಚ್ಚು.

ವ್ಯತ್ಯಾಸ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕುಳಿತು ಮೊಣಕೈಯನ್ನು ಸೊಂಟದ ಪಕ್ಕಕ್ಕೆ ಒತ್ತಿ, ಮುಂಗೈಯನ್ನು ನೇರ ಮುಂದಕ್ಕೆ ಚಾಚಿ. ನೀವು ಕೈ ಸಡಿಲ ಬಿಡಿ. ಮನೆಯವರು ಮಣಿಕಟ್ಟು ಹಿಡಿದು ಬಾಗಿಲು ತೆರೆದಂತೆ ನಿಧಾನವಾಗಿ ಹೊರಕ್ಕೆ ತಿರುಗಿಸಲಿ. ಇನ್ನೊಂದು ಕೈಯೊಂದಿಗೆ ಹೋಲಿಸಿ. ಹೆಚ್ಚುಕಡಿಮೆ ಅಷ್ಟೇ ತಿರುಗಿದರೆ ತೊಂದರೆ ರಜ್ಜಿನದಿರಬಹುದು. ಸ್ವಲ್ಪ ದೂರಕ್ಕೇ ಗಟ್ಟಿಯಾಗಿ ತಡೆದು ನಿಂತರೆ ಫ್ರೋಜನ್ ಶೋಲ್ಡರ್ ಸಂಶಯ. ಬೇರೆಯವರು ತಿರುಗಿಸಿದರೂ ಕೈ ಹೋಗುವುದಿಲ್ಲ ಎಂಬುದೇ ಇದರ ಗುರುತು. ಸಂಧಿವಾತದಲ್ಲೂ ಹೀಗಾಗುವುದರಿಂದ ಒಂದು ಎಕ್ಸ್‌ರೇ ಬೇಕು.

ಚಿಕಿತ್ಸೆಯೂ ಬೇರೆ. ರಜ್ಜಿನ ತೊಂದರೆಗೆ ಕೆಲವು ವಾರ ತಲೆ ಮೇಲಿನ ಕೆಲಸ ಬಿಟ್ಟು, ಸುಮಾರು ಮೂರು ತಿಂಗಳು ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ಅಣ್ಣ ಗುಣವಾದದ್ದು ಹೀಗೆ. ಫ್ರೋಜನ್ ಶೋಲ್ಡರ್‌ಗೆ ನೋವು ಸಹಿಸುವಷ್ಟು ಮಾತ್ರ ನಿಧಾನವಾಗಿ ಕೈ ಆಡಿಸಬೇಕು. ಜೋಳಿಗೆ ಕಟ್ಟಿ ಕೈಯನ್ನು ಸುಮ್ಮನಿರಿಸಿದರೆ ಬಿಗಿತ ಇನ್ನೂ ಹೆಚ್ಚುತ್ತದೆ. ಒಂದರಿಂದ ಮೂರು ವರ್ಷ ಹಿಡಿಯಬಹುದು, ಹಾಗಾಗಿ ತಾಳ್ಮೆ ಬೇಕು. ಸಕ್ಕರೆ ಪರೀಕ್ಷೆ ಮರೆಯಬೇಡಿ.

ಬಿದ್ದ ಮೇಲೆ ಕೈ ಎತ್ತಲಾಗದೆ, ಬೇರೆಯವರು ಎತ್ತಿದರೆ ಮಾತ್ರ ಮೇಲೇರುತ್ತಿದ್ದರೆ ರಜ್ಜು ಹರಿದಿರಬಹುದು. ಆಗ ಮೂಳೆ ವೈದ್ಯರ ಬಳಿ ಬೇಗ ಹೋಗಿ. ನಡೆದಾಗ ಬಂದು, ನಿಂತಾಗ ಹೋಗುವ ಭುಜದ ನೋವಿಗೆ ಮೊದಲು ಹೃದಯ ತೋರಿಸಿ.

ನನ್ನ ಅಭಿಪ್ರಾಯ ಇಷ್ಟೇ: ಒಬ್ಬರ ವ್ಯಾಯಾಮದ ವಿಡಿಯೋವನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ. ಕಳುಹಿಸುವುದಾದರೆ ಈ ಪರೀಕ್ಷೆಯನ್ನು ಕಳುಹಿಸಿ. 🙏