ಬಲ್ಬು ಕೆಟ್ಟಿಲ್ಲ, ರೂಟರ್ ಅದರ ಭಾಷೆ ಮರೆತಿದೆ

ಹೊಸ ಇಂಟರ್‌ನೆಟ್ ಸಂಪರ್ಕ ಬಂದ ದಿನ ಮನೆಯಲ್ಲಿ ಫೋನುಗಳಿಗೆ ಹಬ್ಬ, ಸ್ಮಾರ್ಟ್ ಉಪಕರಣಗಳಿಗೆ ಸೂತಕ. ಸಿನಿಮಾ ಕ್ಷಣದಲ್ಲಿ ಡೌನ್‌ಲೋಡ್ ಆಗುತ್ತದೆ, ಆದರೆ ಗೇಟಿನ ಕ್ಯಾಮೆರಾ ಕುರುಡಾಗುತ್ತದೆ, ಗೀಸರ್‌ನ ಸ್ಮಾರ್ಟ್ ಪ್ಲಗ್ ಮಾತು ಕೇಳುವುದಿಲ್ಲ, ಬಲ್ಬು ಆ್ಯಪ್‌ನಲ್ಲಿ ಬೂದು ಬಣ್ಣಕ್ಕೆ ತಿರುಗಿ ಕೂರುತ್ತದೆ. ‘ಹಳೇ ಕಾಲದ್ದು, ಬಿಸಾಕಿ ಹೊಸದು ತಗೊಳ್ಳಿ’ ಎಂಬ ಸಲಹೆ ಅಂಗಡಿಯಿಂದಲೂ ಬರುತ್ತದೆ, ನೆಂಟರಿಂದಲೂ ಬರುತ್ತದೆ. ನನ್ನ ವಾದ ಇಷ್ಟೇ: ಇಂಥ ಹತ್ತರಲ್ಲಿ ಒಂಬತ್ತು ಸಲ ಉಪಕರಣ ಕೆಟ್ಟಿರುವುದಿಲ್ಲ. ರೂಟರ್ ಕೂಡಿಸಿ ಹೋದವರು ಅರ್ಧ ಕೆಲಸ ಮಾತ್ರ ಮಾಡಿರುತ್ತಾರೆ.

ಕಾರಣ ಸರಳ. ಇಂದಿನ ರೂಟರ್‌ಗಳು ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಮಾತಾಡುತ್ತವೆ: 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್. ಮೊದಲನೆಯದು ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಗಟ್ಟಿ. ಎರಡನೆಯದು ವೇಗ, ಆದರೆ ಎರಡು ಗೋಡೆ ಅಡ್ಡ ಬಂದರೆ ಸುಸ್ತು. ಬಲ್ಬು, ಪ್ಲಗ್, ಅಗ್ಗದ ಕ್ಯಾಮೆರಾಗಳೊಳಗಿನ ವೈಫೈ ಚಿಪ್ಪಿಗೆ 2.4 ಮಾತ್ರ ಗೊತ್ತು. 2014ರಲ್ಲಿ ಬಂದ ಇಎಸ್‌ಪಿ8266 ಎಂಬ ಅಗ್ಗದ ಚಿಪ್ಪು ಲೆಕ್ಕವಿಲ್ಲದಷ್ಟು ಸ್ಮಾರ್ಟ್ ಉಪಕರಣಗಳಲ್ಲಿ ಕೂತಿದೆ. ಅದು 2009ರ ‘ಎನ್’ ಮಾನದಂಡದವರೆಗಿನ ವೈಫೈ ಮಾತ್ರ ಬಲ್ಲದು. ಇದನ್ನು ಕೊರತೆ ಎನ್ನಲಾಗದು. ‘ಹತ್ತು’, ‘ಆರು’ ಎಂಬ ಎರಡು ಮಾತು ಕೇಳಿಸಿಕೊಳ್ಳಲು ಬಲ್ಬಿಗೆ ಹೆದ್ದಾರಿ ಬೇಕಿಲ್ಲ, ಮೂಲೆಯ ಬಚ್ಚಲಿಗೂ ತಲುಪುವ ಓಣಿ ಸಾಕು.

ಹೊಸ ರೂಟರ್ ಈ ಎರಡೂ ದಾರಿಗಳಿಗೆ ಒಂದೇ ಹೆಸರು ಇಡುತ್ತದೆ. ಯಾವ ಉಪಕರಣ ಯಾವ ದಾರಿಯಲ್ಲಿ ಹೋಗಬೇಕೆಂದು ತಾನೇ ತೀರ್ಮಾನಿಸುತ್ತದೆ. ಇದಕ್ಕೆ ಬ್ಯಾಂಡ್ ಸ್ಟೀರಿಂಗ್ ಎನ್ನುತ್ತಾರೆ. ರೂಟರ್‌ನ ಪುಟದಲ್ಲಿ Smart Connect ಅಥವಾ Band Steering ಎಂಬ ಹೆಸರಿನಲ್ಲಿ ಕಾಣುತ್ತದೆ. 2.4ರಲ್ಲಿ ಬಂದು ಬಾಗಿಲು ತಟ್ಟಿದ ಉಪಕರಣಕ್ಕೆ ಅದು ಸ್ವಲ್ಪ ಹೊತ್ತು ಉತ್ತರ ಕೊಡದೆ ಕಾಯಿಸುತ್ತದೆ, ಇಲ್ಲವೇ ಒಮ್ಮೆ ‘ಜಾಗ ಇಲ್ಲ’ ಎನ್ನುತ್ತದೆ. ಫೋನಾದರೆ ಇನ್ನೊಂದು ಬಾಗಿಲು ತಟ್ಟುತ್ತದೆ. ಬಲ್ಬಿಗೆ ಇನ್ನೊಂದು ಬಾಗಿಲೇ ಇಲ್ಲ. ಒಳ್ಳೆಯ ರೂಟರ್ ಸ್ವಲ್ಪ ಹೊತ್ತಿನಲ್ಲಿ ಅದನ್ನು ಒಳಗೆ ಬಿಡುತ್ತದೆ, ಹಟಮಾರಿ ರೂಟರ್ ಬಿಡುವುದಿಲ್ಲ. ಕೈಯಲ್ಲಿ ಹಿಡಿದು ಓಡಾಡುವ ಫೋನಿಗೆ ಮಾಡಿದ ಈ ಏರ್ಪಾಟನ್ನು ಹೋಲ್ಡರ್‌ನಿಂದ ಕದಲದ ಬಲ್ಬಿಗೂ ಹೇರಿದ್ದೇ ತೊಂದರೆಯ ಬೇರು.

ಮೈಸೂರಿನಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟರ ಮನೆಯ ಉದಾಹರಣೆ ಹೇಳುತ್ತೇನೆ. ಅಲ್ಲಿ ಏಳು ಉಪಕರಣಗಳು: ಮೂರು ಬಲ್ಬು, ಎರಡು ಪ್ಲಗ್, ಗೇಟಿನ ಕ್ಯಾಮೆರಾ, ಟಿವಿ ಮತ್ತು ಎಸಿಗೆ ಆಜ್ಞೆ ಕೊಡುವ ಒಂದು ಸ್ಮಾರ್ಟ್ ರಿಮೋಟ್. ಎಲ್ಲವನ್ನೂ ಕೂಡಿಸಿ ಹೋದವಳು ಪುಣೆಯಲ್ಲಿರುವ ಮಗಳು. ಅಪ್ಪ ಅಮ್ಮ ಬಾಗಿಲು ತೆಗೆದರೇ, ಹಾಲಿನವನು ಬಂದನೇ ಎಂದು ಅವಳು ದಿನಾ ನೋಡುತ್ತಿದ್ದುದು ಆ ಕ್ಯಾಮೆರಾದಲ್ಲೇ. ಸಂಪರ್ಕ ಬದಲಾದ ದಿನ ಬಂದ ಹುಡುಗ ಫೋನಿನಲ್ಲಿ ವೇಗ ಅಳೆದು ತೋರಿಸಿ ಹೋದ. ಸಂಜೆ ಏಳೂ ಬಂದ್. ‘ನೋಡಪ್ಪಾ, ನೆಟ್ ಇದೆ, ಲೈಟ್ ಇಲ್ಲ ಅಂದ್ರೆ ಏನರ್ಥ?’ ಎಂದು ಮೇಷ್ಟರು ಕೇಳಿದರು. ‘ಒಂದೊಂದಾಗಿ ನೋಡೋಣ ಸರ್’ ಎಂದೆ.

ಮೊದಲ ಹೆಜ್ಜೆ, ಹಳೆಯ ಹೆಸರು ಮತ್ತು ಪಾಸ್‌ವರ್ಡ್. ಉಪಕರಣ ನೆನಪಿಟ್ಟುಕೊಳ್ಳುವುದು ರೂಟರ್ ಎಂಬ ಡಬ್ಬವನ್ನಲ್ಲ, ಈ ಎರಡನ್ನು. ಹೊಸ ರೂಟರ್‌ಗೆ ಹಳೆಯ ಹೆಸರನ್ನೇ, ಹಳೆಯ ಪಾಸ್‌ವರ್ಡನ್ನೇ ಕೊಟ್ಟರೆ ಅವುಗಳಿಗೆ ಬದಲಾವಣೆ ಗೊತ್ತೇ ಆಗುವುದಿಲ್ಲ. ಆದರೆ ದೊಡ್ಡಕ್ಷರ, ಚಿಕ್ಕಕ್ಷರ, ನಡುವಿನ ಖಾಲಿ ಜಾಗ ಎಲ್ಲವೂ ತದ್ರೂಪ ಇರಬೇಕು. ಮಗಳಿಗೆ ಫೋನು ಮಾಡಿ ಅವೆರಡನ್ನೂ ಬರೆದುಕೊಂಡು, ಬ್ರೌಸರ್‌ನಲ್ಲಿ 192.168.1.1 ತೆರೆದು ಬದಲಿಸಿದೆವು. ಕೆಲವು ರೂಟರ್‌ಗಳಲ್ಲಿ ಈ ವಿಳಾಸ ಬೇರೆ ಇರುತ್ತದೆ, ಡಬ್ಬದ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಐದು ನಿಮಿಷದಲ್ಲಿ ಎರಡು ಬಲ್ಬು, ಒಂದು ಪ್ಲಗ್ ತಾವಾಗಿ ಮರಳಿದವು. ಆ್ಯಪ್ ಮುಟ್ಟಲೇ ಇಲ್ಲ.

ಉಳಿದವು ಕೆಟ್ಟಿವೆಯೋ, ರೂಟರ್ ತಡೆಯುತ್ತಿದೆಯೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ರೂಟರ್ ಆರಿಸಿ, ಆ್ಯಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್‌ಗೆ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು, ಭದ್ರತೆಯನ್ನು WPA2ರಲ್ಲೂ ಪಟ್ಟಿಯನ್ನು 2.4ರಲ್ಲೂ ಇಡಬೇಕು. ಹಾಗೆ ಮಾಡಿದ ಕೂಡಲೇ ಕ್ಯಾಮೆರಾ, ಗೀಸರ್ ಪ್ಲಗ್, ಸ್ಮಾರ್ಟ್ ರಿಮೋಟ್ ಮೂರೂ ಹಾಟ್‌ಸ್ಪಾಟ್‌ಗೆ ಬಂದು ಕೂತವು. ಅಂದರೆ ಉಪಕರಣಗಳು ಸರಿಯಾಗಿವೆ, ತಪ್ಪು ರೂಟರ್‌ನ ಸೆಟ್ಟಿಂಗ್‌ನಲ್ಲಿದೆ. ‘ಬಿಸಾಕಿ’ ಎನ್ನುವವರು ಈ ಹತ್ತು ನಿಮಿಷದ ಪರೀಕ್ಷೆ ಮಾಡಿ ಆಮೇಲೆ ಮಾತಾಡಲಿ.

ಎರಡನೆಯ ಹೆಜ್ಜೆ, ಭದ್ರತೆಯ ಬಗೆ. 2018ರಲ್ಲಿ ಪ್ರಕಟವಾದ WPA3 ಎಂಬ ಹೊಸ ಬೀಗದ ಕ್ರಮ ಈಗಿನ ರೂಟರ್‌ಗಳಲ್ಲಿದೆ. ಹಳೆಯದೂ ಹೊಸದೂ ಎರಡೂ ನಡೆಯಲೆಂದು ರೂಟರ್ WPA2/WPA3 ಎಂಬ ಮಿಶ್ರ ಕ್ರಮ ಇಡುವುದುಂಟು. ಫೋನಿಗೆ ಅದು ಅರ್ಥವಾಗುತ್ತದೆ, ಕೆಲವು ಹಳೆಯ ಚಿಪ್ಪುಗಳು ಮಾತ್ರ ಗಲಿಬಿಲಿಗೊಂಡು ಹಿಂದೆ ಸರಿಯುತ್ತವೆ. ಆಗ ಆ್ಯಪ್ ತೋರಿಸುವ ಸಂದೇಶ ಹೆಚ್ಚಾಗಿ ‘ಪಾಸ್‌ವರ್ಡ್ ತಪ್ಪಿದೆ’ ಎಂದೇ. ಜನ ಸರಿಯಾದ ಪಾಸ್‌ವರ್ಡನ್ನೇ ಹತ್ತು ಸಲ ಒತ್ತಿ ಸುಸ್ತಾಗುತ್ತಾರೆ. ಭದ್ರತೆಯನ್ನು WPA2-PSKಗೆ ಇಳಿಸಿದಾಗ ಕ್ಯಾಮೆರಾವೂ ಗೀಸರ್ ಪ್ಲಗ್ಗೂ ಮರಳಿದವು.

ಮೂರನೆಯದು ಚಾನೆಲ್. ನಮ್ಮ ದೇಶದಲ್ಲಿ 2.4ರ ಒಳಗೆ 1ರಿಂದ 13ರವರೆಗೆ ಚಾನೆಲ್‌ಗಳಿವೆ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಉಪಕರಣಗಳು ಸಾಮಾನ್ಯವಾಗಿ 11ರ ಆಚೆ ಹುಡುಕುವುದೇ ಇಲ್ಲ. ಮೇಷ್ಟರ ರೂಟರ್ ‘ಆಟೊ’ದಲ್ಲಿದ್ದು 13ನ್ನು ಆರಿಸಿಕೊಂಡಿತ್ತು. 6ಕ್ಕೆ ಕಟ್ಟಿಹಾಕಿದಾಗ ಸ್ಮಾರ್ಟ್ ರಿಮೋಟ್ ಬಂತು. ಈ ಮೂರು ಹೆಜ್ಜೆಗೂ ಬಗ್ಗದಿದ್ದರೆ ಇನ್ನೊಂದು ನೋಡಬೇಕು: 2.4ರ ಮೋಡ್ ‘ಎಎಕ್ಸ್’ ಎಂದಿದ್ದರೆ, ಅಂದರೆ ವೈಫೈ 6 ಆಗಿದ್ದರೆ, ಅದನ್ನು ‘ಬಿ/ಜಿ/ಎನ್’ಗೆ ಇಳಿಸುವುದು. ಹೊಸ ಮಾನದಂಡದ ಘೋಷಣೆ ಅರ್ಥವಾಗದೆ ಕೆಲವು ಹಳೆಯ ಉಪಕರಣಗಳಿಗೆ ಆ ವೈಫೈ ಕಾಣಿಸುವುದೇ ಇಲ್ಲ.

ಉಳಿದದ್ದು ಮೂರನೆಯ ಬಲ್ಬು. ಹತ್ತಲಿ ಎಂದು ಮನೆಯವರು ಸ್ವಿಚ್ಚನ್ನು ಪಟಪಟನೆ ಒತ್ತಿದ್ದರು. ಅನೇಕ ಸ್ಮಾರ್ಟ್ ಬಲ್ಬುಗಳಿಗೆ ಅದು ‘ಎಲ್ಲ ಮರೆ’ ಎಂಬ ಆಜ್ಞೆ. ಅದು ಬೇಗ ಬೇಗ ಮಿನುಗುತ್ತಾ ಹೊಸ ಜೋಡಣೆಗೆ ಕಾಯುತ್ತಿತ್ತು. ಬ್ಯಾಂಡ್ ಸ್ಟೀರಿಂಗ್‌ನ ನಿಜವಾದ ಕಾಟ ಕಾಣುವುದು ಇಲ್ಲೇ. ಜೋಡಿಸುವ ಒಂದು ವಿಧಾನದಲ್ಲಿ ಫೋನು ಹೆಸರು, ಪಾಸ್‌ವರ್ಡುಗಳನ್ನು ತಾನು ಕಳಿಸುವ ಪೊಟ್ಟಣಗಳ ಉದ್ದದಲ್ಲಿ ಅಡಗಿಸಿ ಗಾಳಿಯಲ್ಲಿ ಬಿಡುತ್ತದೆ. ಇನ್ನೂ ಯಾವ ಜಾಲಕ್ಕೂ ಸೇರದ ಬಲ್ಬು 2.4ರಲ್ಲಿ ಕಿವಿಗೊಟ್ಟು ಆ ಉದ್ದಗಳನ್ನು ಎಣಿಸುತ್ತದೆ. ರೂಟರ್ ಫೋನನ್ನು 5ಕ್ಕೆ ತಳ್ಳಿದ್ದರೆ ಬಲ್ಬಿಗೆ ಕೇಳಿಸುವುದು ಮೌನ. ಆ್ಯಪ್ ನೂರರವರೆಗೆ ಎಣಿಸಿ ‘ವಿಫಲ’ ಎನ್ನುತ್ತದೆ.

ಪರಿಹಾರ ಎರಡು. ಆ್ಯಪ್‌ನಲ್ಲಿ ‘ಎಪಿ ಮೋಡ್’ ಇದ್ದರೆ ಬಲ್ಬೇ ಒಂದು ಪುಟ್ಟ ಹಾಟ್‌ಸ್ಪಾಟ್ ಆಗುತ್ತದೆ, ಫೋನು ಅದಕ್ಕೆ ಸೇರಿ ನೇರವಾಗಿ ಪಾಸ್‌ವರ್ಡ್ ಹೇಳುತ್ತದೆ. ಎರಡನೆಯದು ಶಾಶ್ವತ ಪರಿಹಾರ: Smart Connect ಆರಿಸಿ, ಹಳೆಯ ಹೆಸರನ್ನು 2.4ಕ್ಕೆ ಬಿಟ್ಟು, 5ಕ್ಕೆ ಬೇರೆ ಹೆಸರು ಇಡುವುದು. ಮೇಷ್ಟರ ಮನೆಯಲ್ಲಿ ಇದನ್ನೇ ಮಾಡಿದೆವು. ಜೋಡಿಸುವಾಗ ಮಾತ್ರ ಫೋನು 2.4ರ ಹೆಸರಿಗೆ ಸೇರಬೇಕು. ಆಮೇಲೆ ಫೋನು 5ರಲ್ಲಿದ್ದರೂ ಬಲ್ಬು ಮಾತು ಕೇಳುತ್ತದೆ, ಎರಡೂ ಒಂದೇ ರೂಟರ್‌ನ ಕೆಳಗಿವೆಯಲ್ಲ. ಗೆಸ್ಟ್ ವೈಫೈಗೆ ಉಪಕರಣ ಸೇರಿಸುವವರು ಮಾತ್ರ ಎಚ್ಚರ ವಹಿಸಬೇಕು. ಅಲ್ಲಿ ಸಾಮಾನ್ಯವಾಗಿ ಒಂದಕ್ಕೊಂದು ಕಾಣದಂತೆ ಗೋಡೆ ಇರುತ್ತದೆ, ಮನೆಯೊಳಗಿಂದಲೇ ನೇರ ಮಾತಾಡುವ ಉಪಕರಣಗಳು ಸುಮ್ಮನಾಗುತ್ತವೆ.

‘ಹಳೆಯ ಬೀಗಕ್ಕೆ ಇಳಿದರೆ ಸುರಕ್ಷತೆ ಏನಾಗಬೇಕು?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೆಸರು ಬೇರೆ ಮಾಡಿದರೆ ಅದಕ್ಕೂ ಉತ್ತರ ಸಿಗುತ್ತದೆ. ಫೋನು, ಲ್ಯಾಪ್‌ಟಾಪ್ ಇರುವ 5ರ ಕಡೆ WPA3 ಇಡಬಹುದು, ಬಲ್ಬುಗಳ ಕಡೆ ಉದ್ದನೆಯ ಪಾಸ್‌ವರ್ಡಿನ WPA2 ಸಾಕು. ಆದರೆ ತಯಾರಕರು ವರ್ಷಗಳಿಂದ ಅಪ್‌ಡೇಟ್ ಕೊಡದ ಕ್ಯಾಮೆರಾವನ್ನು ಯಾವ ಸೆಟ್ಟಿಂಗೂ ಕಾಪಾಡದು. ಅಂಥದ್ದನ್ನು ನಿಜಕ್ಕೂ ಬದಲಿಸಬೇಕು. ಬದಲಿಸಲು ಅದು ತಕ್ಕ ಕಾರಣ, ‘ಆಫ್‌ಲೈನ್ ಆಗಿದೆ’ ಎಂಬುದಲ್ಲ.

ಒಂದೇ ಹೆಸರಿನ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಎರಡು ಹೆಸರಿದ್ದರೆ ಮಹಡಿ ಹತ್ತಿದಾಗ ಫೋನು 5ರ ಕ್ಷೀಣ ಸಂಕೇತವನ್ನೇ ಹಿಡಿದುಕೊಂಡು ಒದ್ದಾಡುವುದೂ ಉಂಟು. ಆದರೆ ಅನುಕೂಲದ ಹೆಸರಿನಲ್ಲಿ ಆಯ್ಕೆಯನ್ನೇ ಬಚ್ಚಿಡುವುದು ಸರಿಯಲ್ಲ. ಕೆಲವು ರೂಟರ್‌ಗಳಲ್ಲಿ ಮನೆಯ ಉಪಕರಣಗಳಿಗೆಂದೇ ಪ್ರತ್ಯೇಕ 2.4 ಜಾಲ ಇಡುವ ಸೌಲಭ್ಯ ಈಗ ಇದೆ. ಅದು ಮೂರನೆಯ ಪುಟದ ಮೂಲೆಯಲ್ಲಿರದೆ ಮೊದಲ ಪರದೆಯಲ್ಲಿರಬೇಕು. ಆ್ಯಪ್‌ಗಳು ‘ಪಾಸ್‌ವರ್ಡ್ ತಪ್ಪು’ ಎಂದು ಬೈಯುವ ಬದಲು ‘ನಿಮ್ಮ ಫೋನು 5ರಲ್ಲಿದೆ’ ಎಂದು ಹೇಳಬೇಕು. ‘2.4 ಮಾತ್ರ’ ಎಂಬುದು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ, ಕಾಣುವಂತೆ ಇರಬೇಕು.

ಸಂಪರ್ಕ ಕೊಡುವ ಕಂಪನಿಗಳು ಮಾಡಬೇಕಾದದ್ದು ಇನ್ನೂ ಸಣ್ಣದು. ಹಳೆಯ ಡಬ್ಬ ಕಳಚುವ ಮೊದಲು ‘ಅದೇ ಹೆಸರು, ಅದೇ ಪಾಸ್‌ವರ್ಡ್ ಇಡಲೇ?’ ಎಂದು ಕೇಳುವುದು, ಹೊರಡುವ ಮೊದಲು ‘ಕ್ಯಾಮೆರಾ, ಪ್ಲಗ್ ಎಲ್ಲ ಬಂತೇ?’ ಎಂದು ನೋಡುವುದು. ಅದಕ್ಕೆ ಹಿಡಿಯುವುದು ಹದಿನೈದು ನಿಮಿಷ. ಮುಂದಿನ ಸಲ ಮನೆಗೆ ಹೊಸ ರೂಟರ್ ಬಂದಾಗ ಈ ಎರಡು ಪ್ರಶ್ನೆ ನಾವೇ ಕೇಳೋಣ. ಉತ್ತರ ಬರುವವರೆಗೆ ಹಳೆಯ ರೂಟರ್‌ನ ಪ್ಲಗ್ ಕೀಳಲು ಬಿಡುವುದು ಬೇಡ.