ಬೆರಳು ಎಣಿಸಿದರೆ ಸಾಲದು: ನಕಲಿ ಚಿತ್ರದಲ್ಲಿ ಈಗ ಎಲ್ಲಿ ನೋಡಬೇಕು?

2023ರ ಮೇ ತಿಂಗಳಲ್ಲಿ, ಆರು ದಿನಗಳ ಅಂತರದಲ್ಲಿ ಎರಡು ಸುಳ್ಳು ಚಿತ್ರಗಳು ಹರಿದಾಡಿದವು. ಮೇ 22ರಂದು ಅಮೆರಿಕದ ಪೆಂಟಗನ್ ಬಳಿ ಸ್ಫೋಟವಾಗಿ ಕಪ್ಪು ಹೊಗೆ ಏಳುತ್ತಿರುವ ಚಿತ್ರ ಬಂತು. ಮೇ 28ರಂದು ಹೊಸ ಸಂಸತ್ ಭವನದ ಉದ್ಘಾಟನೆಯ ದಿನ ದೆಹಲಿ ಪೊಲೀಸರು ವಶಕ್ಕೆ ಪಡೆದ ಕುಸ್ತಿಪಟುಗಳು ವಾಹನದೊಳಗೆ ಕೂತು ನಗುತ್ತಿರುವ ಸೆಲ್ಫಿ ಬಂತು. ಮೊದಲನೆಯದು ಅಮೆರಿಕದ ಷೇರುಪೇಟೆಯನ್ನು ಕೆಲವು ನಿಮಿಷ ಅಲುಗಾಡಿಸಿತು. ಎರಡನೆಯದು, ಬೀದಿಯಲ್ಲಿ ಎಳೆದಾಡಿಸಿಕೊಂಡವರ ಪ್ರತಿಭಟನೆಯೇ ನಾಟಕ ಎಂದು ಸಾವಿರಾರು ಜನರನ್ನು ನಂಬಿಸಿತು.

ಎರಡೂ ಸುಳ್ಳೇ. ಆದರೆ ಸುಳ್ಳಿನ ಜಾತಿ ಬೇರೆ. ಪೆಂಟಗನ್ ಚಿತ್ರ ಇಡಿಯಾಗಿ ಕಂಪ್ಯೂಟರ್ ಸೃಷ್ಟಿ ಎಂದು ಪರಿಣತರು ಗುರುತಿಸಿದರು. ಸೆಲ್ಫಿಯಾದರೋ ನಿಜವಾದ ಫೋಟೊ, ಮುಖ ಮಾತ್ರ ತಿದ್ದಿದ್ದು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಏನನ್ನು ಹುಡುಕಬೇಕು ಎಂಬುದೇ ತಿಳಿಯುವುದಿಲ್ಲ.

ಸೆಲ್ಫಿಯನ್ನೇ ನೋಡಿ. ಅದರಲ್ಲಿ ಬೆರಳು ಸರಿ ಇತ್ತು, ಬೆಳಕು ಸರಿ ಇತ್ತು. ಇರಲೇಬೇಕು, ಅವೆಲ್ಲ ಕ್ಯಾಮೆರಾ ಕಂಡದ್ದೇ. ಸಿಕ್ಕಿಬಿದ್ದದ್ದು ಕೆನ್ನೆಯಲ್ಲಿ. ವಿನೇಶ್ ಫೋಗಟ್ ಮತ್ತು ಸಂಗೀತಾ ಫೋಗಟ್ ಇಬ್ಬರ ಕೆನ್ನೆಯಲ್ಲೂ ಗುಳಿ ಬಿದ್ದಿತ್ತು. ಅವರು ನಗುತ್ತಿರುವ ಹಳೆಯ ಫೋಟೊಗಳಲ್ಲಿ ಆ ಗುಳಿಯೇ ಇಲ್ಲ. ಫ್ಯಾಕ್ಟ್ ಚೆಕ್ ಮಾಡುವವರು ಮೂಲ ಸೆಲ್ಫಿಯನ್ನು ಫೇಸ್‌ಆ್ಯಪ್ ಎಂಬ ಮೊಬೈಲ್ ಆ್ಯಪ್‌ಗೆ ಹಾಕಿ ನಗು ಸೇರಿಸಿದಾಗ ಅಂಥದೇ ಮುಖ ಬಂತು. ಮೂಲದಲ್ಲಿ ಯಾರ ಮುಖದಲ್ಲೂ ನಗುವಿರಲಿಲ್ಲ.

ತಿದ್ದಿದ ಚಿತ್ರದಲ್ಲಿ ತಪ್ಪು ಇರುವುದು ಒಂದೇ ಜಾಗದಲ್ಲಿ, ಅದೂ ತಿದ್ದಿದವನಿಗೆ ಬೇಕಾದ ಜಾಗದಲ್ಲಿ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಈ ಚಿತ್ರದಲ್ಲಿ ಯಾವ ಭಾಗ ನಮಗೆ ಸಿಟ್ಟು ಅಥವಾ ನಗು ತರಿಸುತ್ತಿದೆ? ಮುಖವೋ, ಕೈಯಲ್ಲಿರುವ ಫಲಕವೋ, ಬಾವುಟವೋ? ಅದರ ಅಂಚನ್ನು ದೊಡ್ಡದು ಮಾಡಿ ನೋಡಿ. ನಂತರ ಗೂಗಲ್ ಲೆನ್ಸ್‌ನಲ್ಲಿ ಚಿತ್ರ ಹಾಕಿ ಹಳೆಯ ಪ್ರತಿ ಹುಡುಕಿ. ತಿದ್ದಿದ ಚಿತ್ರಕ್ಕೆ ಮೂಲ ಎಂಬುದೊಂದು ಇರುತ್ತದೆ, ಹಲವು ಬಾರಿ ಅದು ಸಿಕ್ಕಿಯೂಬಿಡುತ್ತದೆ. ಕಣ್ಣಿನ ಪರೀಕ್ಷೆಗಿಂತ ಇದೇ ಗಟ್ಟಿ.

ಇಡಿಯಾಗಿ ಸೃಷ್ಟಿಸಿದ ಚಿತ್ರಕ್ಕೆ ಮೂಲವೇ ಇಲ್ಲ. ಅಲ್ಲಿ ತಪ್ಪು ಚಿತ್ರದ ತುಂಬ ಚೆಲ್ಲಿರುತ್ತದೆ, ಅದರಲ್ಲೂ ಯಾರೂ ಗಮನಿಸದ ಮೂಲೆಗಳಲ್ಲಿ. ಪೆಂಟಗನ್ ಚಿತ್ರದಲ್ಲಿ ಎಲ್ಲರೂ ಹೊಗೆ ನೋಡಿದರು. ಪರಿಣತರು ನೋಡಿದ್ದು ಮುಂದಿನ ಬೇಲಿಯನ್ನು. ಬೇಲಿ ಒಂದು ಕಡೆ ಜನರನ್ನು ತಡೆಯುವ ಬ್ಯಾರಿಕೇಡ್‌ಗಳೊಳಗೆ ಕರಗಿಹೋಗಿತ್ತು. ಕಟ್ಟಡದ ಮುಖವೂ ನಿಜವಾದ ಪೆಂಟಗನ್‌ನಂತಿರಲಿಲ್ಲ. ಅದಕ್ಕಿಂತ ದೊಡ್ಡ ಸುಳಿವು ಇನ್ನೊಂದಿತ್ತು. ಅಷ್ಟು ಜನನಿಬಿಡ ಜಾಗದಲ್ಲಿ ಸ್ಫೋಟವಾದರೂ ಇನ್ನೊಂದು ಕೋನದಿಂದ ತೆಗೆದ ಒಂದೇ ಒಂದು ಫೋಟೊ ಬರಲಿಲ್ಲ. ಸ್ಥಳೀಯ ಅಗ್ನಿಶಾಮಕ ದಳ ಸ್ಫೋಟವೇ ಆಗಿಲ್ಲ ಎಂದು ಬೇಗನೆ ಹೇಳಿತು. ಅಷ್ಟರಲ್ಲಿ ಭಾರತದ ಸುದ್ದಿ ವಾಹಿನಿಯೊಂದೂ ಅದನ್ನು ಪ್ರಸಾರ ಮಾಡಿಯಾಗಿತ್ತು.

ಆ ವರ್ಷ ಆರು ಬೆರಳು ಕಂಡರೆ ನಕಲಿ ಎನ್ನುವುದು ಎಲ್ಲರಿಗೂ ಬಾಯಿಪಾಠವಾಗಿತ್ತು. ಯಂತ್ರ ಕೈ ಎಂದರೇನು ಎಂದು ಕಲಿತಿಲ್ಲ, ಲಕ್ಷಾಂತರ ಫೋಟೊಗಳಲ್ಲಿ ಕೈ ಹೇಗೆ ಕಾಣುತ್ತದೆ ಎಂದಷ್ಟೇ ಕಲಿತಿದೆ. ಆ ಫೋಟೊಗಳಲ್ಲಿ ಬೆರಳು ಮಡಚಿರುತ್ತದೆ, ಲೋಟದ ಹಿಂದೆ ಮರೆಯಾಗಿರುತ್ತದೆ, ಪಕ್ಕದವರ ಕೈಯೊಂದಿಗೆ ಬೆರೆತಿರುತ್ತದೆ. ಹಾಗಾಗಿ ಲೆಕ್ಕ ತಪ್ಪುತ್ತಿತ್ತು. ಈಗಿನ ಹೊಸ ಸಾಧನಗಳು ಮುಂದೆ ನಿಂತವರ ಕೈಯನ್ನು ಬಹುಪಾಲು ಸರಿಯಾಗಿಯೇ ಬರೆಯುತ್ತವೆ. ಆರು ಬೆರಳು ಕಂಡರೆ ಅನುಮಾನ ಪಡಿ, ಆದರೆ ಐದೇ ಇದ್ದರೆ ನಿಜ ಎಂದುಕೊಳ್ಳಬೇಡಿ. ಕೈ ನೋಡಲೇಬೇಕೆಂದರೆ ಹಿಂದಿನ ಸಾಲಿನವರ ಕೈ ನೋಡಿ. ಯಾರದೋ ಭುಜದ ಮೇಲಿರುವ ಕೈಗೆ ಒಡೆಯ ಯಾರು ಎಂದು ಹುಡುಕಿ.

ನಮಗೆ ಇದಕ್ಕಿಂತ ಉಪಯೋಗಕ್ಕೆ ಬರುವುದು ಕನ್ನಡ ಅಕ್ಷರ. ಇಂಗ್ಲಿಷ್ ಬೋರ್ಡುಗಳನ್ನು ಈ ಸಾಧನಗಳು ಈಗ ಚೆನ್ನಾಗಿ ಬರೆಯುತ್ತವೆ. ಕನ್ನಡದ ಒತ್ತಕ್ಷರದಲ್ಲಿ ಇನ್ನೂ ಎಡವುವುದುಂಟು. ‘ರಾಜ್ಯೋತ್ಸವ’ ಎಂಬ ಬ್ಯಾನರ್‌ನಲ್ಲಿ ಒತ್ತು ಪಕ್ಕದ ಅಕ್ಷರದ ಕೆಳಗೆ ಜಾರಿರುತ್ತದೆ, ತಲೆಕಟ್ಟು ಗಾಳಿಯಲ್ಲಿ ತೇಲುತ್ತಿರುತ್ತದೆ, ಅರ್ಧ ಕನ್ನಡ ಅರ್ಧ ತೆಲುಗಿನಂಥ ಆಕಾರ ನಡುವೆ ನುಸುಳಿರುತ್ತದೆ. ಹೈದರಾಬಾದಿನ ಕನ್ನಡಿಗರಿಗೆ ಇದು ತಟ್ಟನೆ ಹೊಳೆಯುತ್ತದೆ.

ಇಲ್ಲೊಂದು ಎಚ್ಚರಿಕೆ. ಮುಂಬೈ, ಚೆನ್ನೈಗಳಲ್ಲಿ ಕನ್ನಡ ಬಾರದವರು ಬರೆದ ಬೋರ್ಡುಗಳಲ್ಲೂ ತಪ್ಪು ಬೇಕಾದಷ್ಟಿರುತ್ತವೆ. ಕೆಲವು ವಿನ್ಯಾಸ ಸಾಫ್ಟ್‌ವೇರ್‌ಗಳು ಒತ್ತಕ್ಷರವನ್ನು ಒಡೆದು ಪಕ್ಕಪಕ್ಕದಲ್ಲಿ ಮುದ್ರಿಸುತ್ತವೆ. ಆದರೆ ಮನುಷ್ಯ ಮಾಡಿದ ತಪ್ಪಿನಲ್ಲಿ ಕಾಗುಣಿತ ತಪ್ಪಿದರೂ ಪ್ರತಿ ಅಕ್ಷರವೂ ಅಕ್ಷರವೇ ಆಗಿರುತ್ತದೆ. ಯಂತ್ರದ ತಪ್ಪಿನಲ್ಲಿ ಯಾವ ಭಾಷೆಯಲ್ಲೂ ಇಲ್ಲದ ಗೀಟು ಕಾಣುತ್ತದೆ. ಸುಲಭದ ಪರೀಕ್ಷೆ ಎಂದರೆ, ಒಂದೇ ಮುದ್ರಿತ ಬೋರ್ಡಿನಲ್ಲಿ ಎರಡು ಸಲ ಬಂದ ‘ಗ’ವನ್ನೋ ‘ದ’ವನ್ನೋ ಹೋಲಿಸಿ. ಫಾಂಟ್‌ನಲ್ಲಿ ಅಚ್ಚಾಗಿದ್ದರೆ ಎರಡೂ ಒಂದೇ ಆಗಿರಬೇಕು. ಮುಖ್ಯ ಬ್ಯಾನರ್ ಬಿಟ್ಟು ಹಿಂದಿನ ಅಂಗಡಿ ಫಲಕ, ಬಸ್ಸಿನ ಬೋರ್ಡು, ಪೊಲೀಸರ ಎದೆಯ ಹೆಸರಿನ ಪಟ್ಟಿ ನೋಡಿದರೆ ಇನ್ನೂ ಒಳ್ಳೆಯದು.

ನೆರಳಿನ ವಿಷಯಕ್ಕೆ ಬಂದರೆ, ಬರಿಗಣ್ಣನ್ನು ನಂಬಬೇಡಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾನಿ ಫರೀದ್ ಈ ಕ್ಷೇತ್ರದ ದೊಡ್ಡ ಹೆಸರು. ನೆರಳು ಸರಿಯಿದೆಯೇ ಎಂದು ಅಂದಾಜು ಮಾಡುವುದರಲ್ಲಿ ಮನುಷ್ಯರು ತೀರಾ ದುರ್ಬಲರು ಎಂದು ಅವರ ಅಧ್ಯಯನಗಳು ತೋರಿಸಿವೆ. ಅವರ ವಿಧಾನಕ್ಕೆ ಸ್ಕೇಲು ಸಾಕು. ಕಂಬದ ನೆರಳಿನ ತುದಿಯಿಂದ ಕಂಬದ ತುದಿಗೆ ಒಂದು ಗೆರೆ ಎಳೆಯಿರಿ. ಮನುಷ್ಯನ ನೆರಳಿನ ತಲೆಯಿಂದ ಅವನ ತಲೆಗೆ ಇನ್ನೊಂದು. ಇಂಥ ಮೂರು ನಾಲ್ಕು ಗೆರೆಗಳನ್ನು ಮುಂದುವರಿಸಿದರೆ ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡಬೇಕು. ಸೂರ್ಯ ಕ್ಯಾಮೆರಾದ ಹಿಂದಿದ್ದರೆ ಆ ಬಿಂದು ಕೆಳಗಡೆ ಬೀಳುತ್ತದೆ, ಸರಿಯಾಗಿ ಪಕ್ಕದಲ್ಲಿದ್ದರೆ ಗೆರೆಗಳು ಸಮಾನಾಂತರವಾಗಿರುತ್ತವೆ. ಒಂದು ಗೆರೆ ಮಾತ್ರ ಬೇರೆ ದಿಕ್ಕು ಹಿಡಿದರೆ ಅದನ್ನು ಹೊರಗಿನಿಂದ ತಂದು ಅಂಟಿಸಿರಬಹುದು. ಮೋಡದ ದಿನ, ಹಲವು ದೀಪಗಳಿರುವ ರಾತ್ರಿ ಈ ಉಪಾಯ ನಡೆಯದು.

ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಚಿತ್ರದಲ್ಲಿ ಈ ಯಾವ ಪರೀಕ್ಷೆಯೂ ಸರಿಯಾಗಿ ನಡೆಯುವುದಿಲ್ಲ. ಚಿತ್ರ ಕುಗ್ಗಿ, ನಿಜವಾದ ಬೋರ್ಡಿನ ಅಕ್ಷರವೂ ಕಲಸಿಹೋಗಿರುತ್ತದೆ. ಫೋನಿನ ಬ್ಯೂಟಿ ಫಿಲ್ಟರ್ ನಿಜವಾದ ಚರ್ಮವನ್ನೇ ಮೇಣದಂತೆ ಮಾಡುತ್ತದೆ. ಹೀಗಾಗಿ ನಿಜವನ್ನು ನಕಲಿ ಎನ್ನುವ ತಪ್ಪೂ ಅಷ್ಟೇ ಸುಲಭ.

2024ರ ಆಗಸ್ಟ್‌ನಲ್ಲಿ ಅದೂ ನಡೆಯಿತು. ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಕಮಲಾ ಹ್ಯಾರಿಸ್ ಸಭೆಗೆ ಸೇರಿದ್ದ ಜನಸಮೂಹದ ಫೋಟೊವನ್ನು ಡೊನಾಲ್ಡ್ ಟ್ರಂಪ್ ಕಂಪ್ಯೂಟರ್ ಸೃಷ್ಟಿ ಎಂದರು. ವಿಮಾನದ ಹೊಳೆಯುವ ಮೈಯಲ್ಲಿ ಜನರ ಪ್ರತಿಬಿಂಬ ಕಾಣುತ್ತಿಲ್ಲ ಎಂಬುದು ಅವರ ಪುರಾವೆ. ಪ್ರತಿಬಿಂಬ ಹುಡುಕುವುದು ಒಳ್ಳೆಯ ಪರೀಕ್ಷೆಯೇ, ಆದರೆ ಜನ ವಿಮಾನದಿಂದ ದೂರವಿದ್ದರು. ಆ ಹೊತ್ತಿನಲ್ಲಿ ಅಲ್ಲಿ ಹಲವು ಮಾಧ್ಯಮಗಳ ಕ್ಯಾಮೆರಾಗಳಿದ್ದವು. ಬೇರೆ ಬೇರೆ ಕೋನದ ಫೋಟೊ, ವಿಡಿಯೊಗಳಲ್ಲಿ ಅದೇ ಜನಸಮೂಹ ಇತ್ತು. ಪೆಂಟಗನ್ ಚಿತ್ರಕ್ಕೆ ಸಿಗದೇ ಹೋದ ಎರಡನೇ ಕೋನ ಇಲ್ಲಿ ಧಾರಾಳವಾಗಿ ಸಿಕ್ಕಿತ್ತು.