ಹಿಡಿ ತೊಗರಿ, ಮೂರು ಪ್ರಶ್ನೆ



ಒಂದನೇ, ಎರಡನೇ ತರಗತಿಯ ಮಗುವಿಗೆ “ಗಿಡದ ಭಾಗಗಳನ್ನು ಹೇಳು” ಎಂದರೆ ಗಿಣಿಯಂತೆ ಒಪ್ಪಿಸಿಬಿಡುತ್ತದೆ. ತಿಳಿದು ಹೇಳಿತೋ, ಬಾಯಿಪಾಠವೋ ನಮಗೆ ಗೊತ್ತಾಗುವುದಿಲ್ಲ. ಅದರ ಬದಲು ಅಡಿಗೆಮನೆಯ ಡಬ್ಬಿ ತೆರೆಯಿರಿ. ನಮ್ಮ ಕಲಬುರಗಿಯಲ್ಲಿ ತೊಗರಿಗೇನು ಬರವೇ? ಒಂದು ಹಿಡಿ ಇಡೀ ಕಾಳು, ಒಂದು ಹಿಡಿ ಬೇಳೆ ಸಾಕು. ಬಿತ್ತನೆಗೆಂದು ತಂದ ಬೀಜಕ್ಕೆ ವಿಷದ ಔಷಧಿ ಸವರಿರುತ್ತಾರೆ, ಅದು ಮಾತ್ರ ಬೇಡ.

ಕಮಲಾಪುರದಿಂದ ರಜೆಗೆ ಬಂದಿದ್ದ ತಂಗಿಯ ಮಗನನ್ನು ಕೇಳಿದೆ: “ಇವೆರಡರಾಗ ಯಾವುದು ಗಿಡ ಆಗ್ತದ?” “ಎರಡೂ ಆಗ್ತಾವ, ದೊಡ್ಡವ್ವ” ಎಂದ. ನಾನು ತಿದ್ದಲಿಲ್ಲ. ಮೂರು ಬಟ್ಟಲಲ್ಲಿ ಒಂದೊಂದು ಲೋಟ ನೀರು ಹಾಕಿ, ಒಂದರಲ್ಲಿ ಕಾಳು, ಒಂದರಲ್ಲಿ ಬೇಳೆ, ಇನ್ನೊಂದರಲ್ಲಿ ಬರೀ ನೀರು ಇಟ್ಟೆವು.

ಬೆಳಿಗ್ಗೆ ನೀರನ್ನು ಮತ್ತೆ ಲೋಟಕ್ಕೆ ಬಸಿದಾಗ ಎರಡನೇ ಪ್ರಶ್ನೆ: “ನೀರು ಕಡಿಮಿ ಆತಲ್ಲ, ಎಲ್ಲಿ ಹೋತು?” “ಆರಿ ಹೋತು” ಎಂದ. ಬರೀ ನೀರಿನ ಬಟ್ಟಲು ತೋರಿಸಿದೆ. ಅಲ್ಲಿ ಹೆಚ್ಚುಕಡಿಮೆ ಅಷ್ಟೇ ಇತ್ತು. ಆಗ ತಾನೇ ಉಬ್ಬಿದ ಕಾಳು ಹಿಚುಕಿ, “ಇದು ಕುಡದದ!” ಎಂದ.

ಆಮೇಲೆ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆರಡು ಸಲ ತೊಳೆಯಿರಿ. ಎರಡು ಮೂರು ದಿನಕ್ಕೆ ಕಾಳು ಮೊಳಕೆಯೊಡೆಯುತ್ತದೆ. ಬೇಳೆ ಲೋಳೆಯಾಗಿ ಹುಳಿ ವಾಸನೆ ಬರುತ್ತದೆ. ನೆನೆದ ಕಾಳೊಂದನ್ನು ಬಿಡಿಸಿ ತೋರಿಸಿ: ಅಂಚಿನಲ್ಲಿ ಪುಟ್ಟ ಮೊಳಕೆಯ ಕುಡಿ ಇರುತ್ತದೆ. ಗಿರಣಿಯಲ್ಲಿ ಸಿಪ್ಪೆ ತೆಗೆದು ಒಡೆಯುವಾಗ ಅದು ಮುರಿದುಹೋಗುತ್ತದೆ. ಹಳೆಯ ಕಾಳಾದರೆ ಕೆಲವು ಮೊಳೆಯವು. ಹಿಡಿಯಷ್ಟು ತೆಗೆದುಕೊಳ್ಳುವುದು ಅದಕ್ಕೇ.

ಮೂರನೆಯದು ಪ್ರಾಣಿಯ ಪ್ರಶ್ನೆ. ತೂತು ಬಿದ್ದ ಕಾಳು ಹುಡುಕಿ, “ಈ ತೂತು ಹುಳ ಒಳಗ ಹೋಗಿದ್ದೋ, ಹೊರಗ ಬಂದಿದ್ದೋ?” ಎನ್ನಿ. ಎಲ್ಲ ಮಕ್ಕಳೂ “ಒಳಗ ಹೋಗಿದ್ದು” ಎನ್ನುತ್ತಾರೆ. ತಾಯಿಹುಳ ಕಾಳಿನ ಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ ಇಡುತ್ತದೆ. ಮರಿ ಕಾಣದಷ್ಟು ಸಣ್ಣ ತೂತಿನಿಂದ ಒಳಹೊಕ್ಕು, ತಿಂದು ಬೆಳೆದು, ದೊಡ್ಡದಾದ ಮೇಲೆ ಈ ದುಂಡನೆಯ ತೂತಿನಿಂದ ಹೊರಬರುತ್ತದೆ. ತೂತಿನ ಕಾಳನ್ನು ಗಾಜಿನ ಬಾಟಲಿಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿದರೆ, ಒಳಗೆ ಇನ್ನೂ ಮರಿಗಳಿದ್ದರೆ ಹೊರಬರುವುದು ಕಾಣಸಿಗುತ್ತದೆ.

ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದು ಎಣಿಸಿ, ಬಾಯಿ ಬಿಡಬೇಡಿ. ಅಲ್ಲಿಯೇ ನಾವು ಸೋಲುವುದು.

ಹುಡುಗನನ್ನು ಕಮಲಾಪುರಕ್ಕೆ ಬಿಡಲು ಹೋದಾಗ ತಂಗಿ ಅಲ್ಲಿನ ಕೆಂಪು ಬಾಳೆಹಣ್ಣು ಕೊಟ್ಟಳು. ಅವನು ಸುಲಿದು, ನಡುವಿನ ಕಪ್ಪು ಚುಕ್ಕೆ ತೋರಿಸಿ, “ಇದ ಬೀಜ. ನೆನಿ ಹಾಕೋಣು” ಎಂದ. ಹಾಕಿದೆವು, ಏನೂ ಬರಲಿಲ್ಲ. ಅವು ಬೆಳೆಯದೆ ಉಳಿದ ಬೀಜದ ಗುರುತುಗಳಷ್ಟೆ. ತೋಟಕ್ಕೆ ಕರೆದೊಯ್ದು, ತಾಯಿಗಿಡದ ಬುಡದಲ್ಲಿ ಎದ್ದ ಕಂದು ತೋರಿಸಿದೆವು. ಅದನ್ನೇ ಕಿತ್ತು ನೆಡುವುದು. ಹುಡುಗ ಸುಮ್ಮನೆ ನೋಡಿ, ಕಡೆಗೆ ನನ್ನನ್ನೇ ಕೇಳಿದ: “ಹಂಗಾದ್ರ ಕಬ್ಬು ಎದರಿಂದ ಹುಟ್ತದ, ದೊಡ್ಡವ್ವ?”

ಈ ಸಲ ಪ್ರಶ್ನೆ ಅವನದು.